‘ಸರಿ, ಬದಲಾಯಿಸ್ತೇನೆ’ ಅಂದಳು, ಆಮೇಲೆ ಮಾತೇ ಇಲ್ಲ: ಡಿಸೈನ್ ಪ್ರಶ್ನಿಸುವ ರಿವ್ಯೂ ಕಾಮೆಂಟ್ ಹೇಗೆ ಬರೆಯೋದು?

ಶ್ರೀಪಾದ, ಶಿರಸಿ · ಸೋಮವಾರ ರಾತ್ರಿ 9:40

ನಾವು ಐದು ಜನ ಶಿರಸಿಯಲ್ಲೇ ಕೂತು ಅಡಿಕೆ ಖರೀದಿಯವರೊಬ್ಬರಿಗೆ ತೂಕ ದಾಖಲಿಸುವ ಆ್ಯಪ್ ಮಾಡುತ್ತಿದ್ದೇವೆ. ಹಳ್ಳಿಯ ಕೇಂದ್ರಗಳಲ್ಲಿ ಚೀಲ ತೂಗಿ ತೂಕವನ್ನೂ ದರ್ಜೆಯನ್ನೂ (ರಾಶಿ, ಬೆಟ್ಟೆ, ಚಾಲಿ ಇತ್ಯಾದಿ) ಫೋನಿನಲ್ಲಿ ಹಾಕುತ್ತಾರೆ. ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಸಂಜೆ ಸಿಗ್ನಲ್ ಬಂದ ಕಡೆ ಎಲ್ಲ ಒಟ್ಟಿಗೆ ಸರ್ವರ್‌ಗೆ ಸಿಂಕ್ ಆಗುತ್ತದೆ. ಒಂದೇ ಚೀಲದ ದಾಖಲೆಯನ್ನು ಎರಡು ಫೋನಿನಲ್ಲಿ ತಿದ್ದಿದ್ದರೆ ಯಾವುದನ್ನು ಇಟ್ಟುಕೊಳ್ಳಬೇಕು? ಈ ಭಾಗ ಬರೆದದ್ದು ನಮ್ಮ ತಂಡದ ಕಿರಿಯಳು, ಒಂದೂವರೆ ವರ್ಷದ ಅನುಭವ. ಅವಳ ಪಿಆರ್‌ನ ತಿರುಳು ಇಷ್ಟು:

```python
if incoming.updated_at > row.updated_at:
    row.update(incoming)
```

ಇಲ್ಲಿ `updated_at` ಅಂದರೆ ಫೋನಿನ ಗಡಿಯಾರ ಹೇಳಿದ ಸಮಯ. ಯಾವ ತಿದ್ದುಪಡಿ ಕೊನೆಯದೋ ಅದು ಗೆಲ್ಲುತ್ತದೆ.

ನಮ್ಮಲ್ಲಿ ಕಾಮೆಂಟ್ ಕನ್ನಡದಲ್ಲೇ ಬರೆಯುತ್ತೇವೆ. ನಾನು ಬರೆದದ್ದನ್ನು ಒಂದಕ್ಷರ ಬದಲಿಸದೆ ಇಲ್ಲಿ ಹಾಕುತ್ತೇನೆ:

> ಫೋನಿನ ಗಡಿಯಾರವನ್ನು ಯಾವತ್ತೂ ನಂಬಬಾರದು. ಇದು ನಡೆಯೋದಿಲ್ಲ. ಸುಮ್ಮನೆ ವರ್ಷನ್ ನಂಬರ್ ಹಾಕಿ ಚೆಕ್ ಮಾಡಬಹುದಿತ್ತಲ್ಲ? ನೀವು ಇದನ್ನು ಯೋಚಿಸಿದಂತಿಲ್ಲ.

ಅದರ ಜೊತೆಗೆ ಹೆಸರು, ಖಾಲಿ ಸಾಲು, ಅಂಥವು 11 ಚಿಕ್ಕ ಕಾಮೆಂಟ್. ಕೊನೆಗೆ `Request changes` ಒತ್ತಿದೆ.

‘ಸರಿ, ಬದಲಾಯಿಸ್ತೇನೆ’ ಎಂದಷ್ಟೇ ಉತ್ತರ ಬಂತು. ಎರಡು ದಿನ ಬಿಟ್ಟು ವರ್ಷನ್ ನಂಬರ್ ಹಾಕಿದ ಕೋಡ್ ಬಂತು. ಆಗಿನಿಂದ ಮೂರು ಸಾಲಿನ ಬದಲಾವಣೆಗೂ ಮೊದಲೇ ಬಂದು ‘ಹೀಗೆ ಮಾಡ್ಲಾ’ ಎಂದು ಕೇಳುತ್ತಾಳೆ. ಇನ್ನೊಬ್ಬ ಸಹೋದ್ಯೋಗಿ ‘ಮುಖಕ್ಕೆ ಹೊಡೆದ ಹಾಗೆ ಬರೆದಿದ್ದೀಯ ಮಾರಾಯ’ ಅಂದ. ಪಿಆರ್ ಇನ್ನೂ ಮರ್ಜ್ ಆಗಿಲ್ಲ. ತಾಂತ್ರಿಕವಾಗಿ ನನ್ನ ಮಾತು ಸರಿ ಅಂತಲೇ ನನ್ನ ಭಾವನೆ. ಅದನ್ನೇ ಹೇಗೆ ಬರೆಯಬೇಕಿತ್ತು?

---

ದೇವಿಮನೆ ಘಟ್ಟ · ಸೋಮವಾರ ರಾತ್ರಿ 10:05

ಸುಲಭ. ಯಾವ ಹೇಳಿಕೆಯನ್ನೂ ಹೇಳಿಕೆಯಾಗಿ ಬರೆಯಬೇಡಿ, ಪ್ರಶ್ನೆ ಮಾಡಿ. ‘ವರ್ಷನ್ ನಂಬರ್ ಬಗ್ಗೆ ಯೋಚಿಸಿದ್ರಾ?’ ಅಂತ ಕೇಳಿದ್ದರೆ ಮುಗೀತಿತ್ತು. ಮೊದಲು ಒಂದು ಒಳ್ಳೆ ಮಾತು, ಆಮೇಲೆ ಪ್ರಶ್ನೆ, ಕೊನೆಗೆ ಇನ್ನೊಂದು ಒಳ್ಳೆ ಮಾತು. ಮತ್ತೆ ಚಿಕ್ಕಪುಟ್ಟದ್ದಕ್ಕೆಲ್ಲ ಮುಂದೆ `Nit:` ಅಂತ ಹಾಕಿ, ಗೂಗಲ್‌ನವರು ಹೊರಗೆ ಹಾಕಿರುವ ರಿವ್ಯೂ ಮಾರ್ಗದರ್ಶಿಯಲ್ಲೂ ಹಾಗೇ ಇದೆ. ನಾನು ನಾಲ್ಕು ವರ್ಷದಿಂದ ಹೀಗೇ ಮಾಡ್ತಿದ್ದೇನೆ, ಯಾರೂ ಬೇಜಾರು ಮಾಡಿಕೊಂಡಿಲ್ಲ.

---

ಗಜು, ಗೋಕರ್ಣ · ಸೋಮವಾರ ರಾತ್ರಿ 10:31

ಬೇಜಾರು ಮಾಡಿಕೊಂಡವರು ನಿಮಗೆ ಬಂದು ಹೇಳ್ತಾರಾ ಅಣ್ಣ? ನಾನು ಆ ಕಡೆ ಕೂತವನು. ಮನೆಯಿಂದ ಬೆಂಗಳೂರಿನ ತಂಡಕ್ಕೆ ಕೆಲಸ ಮಾಡ್ತೇನೆ.

‘ಯೋಚಿಸಿದ್ರಾ?’ ಅನ್ನೋ ಪ್ರಶ್ನೆಗೆ ಎರಡೇ ಉತ್ತರ. ‘ಹೌದು’ ಅಂದರೆ ‘ಹಾಗಾದ್ರೆ ಯಾಕೆ ಹಾಕಿಲ್ಲ’ ಅಂತ ಬರ್ತದೆ. ‘ಇಲ್ಲ’ ಅಂದರೆ ನಾನು ದಡ್ಡ. ಕೇಳಿದವರಿಗೆ ಉತ್ತರ ಬೇಕಾಗಿಲ್ಲ ಅಂತ ಓದಿದ ಕೂಡಲೇ ಗೊತ್ತಾಗ್ತದೆ. ಶಾಲೆಯಲ್ಲಿ ಮಾಸ್ತರು ‘ಇದು ಸರಿಯಾ?’ ಅಂತ ಬೋರ್ಡಿಗೆ ಕೋಲು ತಟ್ಟಿ ಕೇಳ್ತಿದ್ದರಲ್ಲ, ಅದೇ ದನಿ.

ಅದಕ್ಕಿಂತ ಕೆಟ್ಟದ್ದು ಶ್ರೀಪಾದ ಅವರ ‘ಸುಮ್ಮನೆ’. ‘ಸುಮ್ಮನೆ ವರ್ಷನ್ ಹಾಕಿ’ ಅಂದರೆ ಐದು ನಿಮಿಷದ ಕೆಲಸ, ಅದೂ ಹೊಳೆಯಲಿಲ್ಲ ನಿನಗೆ ಅಂತ ಅರ್ಥ. ನನಗೆ ಕಳೆದ ವರ್ಷ ಒಂದು ಕಾಮೆಂಟ್ ಬಂದಿತ್ತು, ‘ಬರೀ ಕ್ಯಾಶ್ ಹಾಕಿದ್ರೆ ಆಗ್ತಿತ್ತಲ್ಲ’ ಅಂತ. ನಾನು ಆ ಕ್ಯಾಶನ್ನೇ ಮೂರು ದಿನ ಹಾಕಿ ನೋಡಿ ತೆಗೆದಿದ್ದೆ, ಹಳೆಯ ದರ ತೋರಿಸ್ತಿತ್ತು ಅಂತ. ಅದನ್ನ ಹೇಳಲೂ ಇಲ್ಲ. ‘ಸರಿ’ ಅಂತ ಬರೆದು ಕ್ಯಾಶ್ ವಾಪಸ್ ಹಾಕಿದೆ. ಎರಡು ವಾರಕ್ಕೆ ಅದೇ ದೂರು ಬಂತು. ಅವಾಗಲೂ ನಾನು ಬಾಯಿ ಬಿಡಲಿಲ್ಲ.

ನಿಮ್ಮ ಕಿರಿಯಳ ‘ಸರಿ, ಬದಲಾಯಿಸ್ತೇನೆ’ ನೋಡಿದ್ರೆ ನನಗೆ ಅದೇ ನೆನಪಾಗ್ತದೆ. ಎರಡು ದಿನದಲ್ಲಿ ಡಿಸೈನ್ ಬದಲಾಯ್ತು, ಒಂದೇ ಒಂದು ಪ್ರತಿಪ್ರಶ್ನೆ ಬರಲಿಲ್ಲ. ನಾನಾಗಿದ್ದರೆ ಅದಕ್ಕೇ ಹೆದರುತ್ತಿದ್ದೆ.

ಇನ್ನೊಂದು. ಆಫೀಸಿನಲ್ಲಿ ಅವಳನ್ನ ‘ನೀನು’ ಅಂತ ಕರೀತೀರೋ ‘ನೀವು’ ಅಂತಲೋ?

---

ಶ್ರೀಪಾದ, ಶಿರಸಿ · ಸೋಮವಾರ ರಾತ್ರಿ 10:44

‘ನೀನು’. ಬರೆಯುವಾಗ ಎಲ್ಲರಿಗೂ ‘ನೀವು’, ಮರ್ಯಾದೆಗೆ ಅಂತ.

---

ಗಜು, ಗೋಕರ್ಣ · ಸೋಮವಾರ ರಾತ್ರಿ 10:47

ದಿನಾ ‘ನೀನು’ ಅನ್ನೋರು ಬೈಯುವಾಗ ಮಾತ್ರ ‘ನೀವು’ ಅಂದ್ರೆ ಅದು ಮರ್ಯಾದೆ ಅಲ್ಲ. ಅಮ್ಮ ಸಿಟ್ಟು ಬಂದಾಗ ‘ಬಂದ್ರಾ ದೊಡ್ಡ ಮನುಷ್ಯರು’ ಅಂದ ಹಾಗೆ.

---

ಬೆಟ್ಟದ ಭಟ್ರು · ಮಂಗಳವಾರ ಬೆಳಿಗ್ಗೆ 6:20

ತೂಕದ ಆ್ಯಪಿನ ಬಗ್ಗೆ ಚರ್ಚೆ ಅಂತ ನೋಡಿ ಬಂದೆ. ನಾನು ಬೆಳೆಗಾರ, ಕೋಡು ಗೀಡು ತಿಳಿಯ. ಆದರೆ ಇಂಥದ್ದೇ ಒಂದು ಆ್ಯಪಿನಲ್ಲಿ ಹೋದ ವರ್ಷ ಎಂತ ಆಯ್ತು ಕೇಳಿ. ನಂದು ರಾಶಿ ಅಡಿಕೆ. ತೂಗುವ ಹುಡುಗ ಮೊದಲು ತಪ್ಪಿ ಚಾಲಿ ಅಂತ ಹಾಕಿದ್ದ. ದರ್ಜೆ ನೋಡುವವ ಬಂದು ತನ್ನ ಫೋನಿನಲ್ಲಿ ರಾಶಿ ಅಂತ ತಿದ್ದಿದ, ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಆಮೇಲೆ ಆ ಹುಡುಗ ಚೀಲದ ತೂಕ ಕಳೆಯೋದು ಮರೆತೆ ಅಂತ ತೂಕ ಒಂದನ್ನೇ ಸರಿ ಮಾಡಿದ. ರಾತ್ರಿ ಬಂದ ಪಟ್ಟಿಯಲ್ಲಿ ತೂಕ ಸರಿ, ಅಡಿಕೆ ಮಾತ್ರ ಮತ್ತೆ ಚಾಲಿ. ದರದ ವ್ಯತ್ಯಾಸ ಯಾರು ಕೊಡ್ತಾರೆ? ಮೂರು ಸಲ ಓಡಾಡಿದ ಮೇಲೆ ಸರಿಯಾಯ್ತು. ನಿಮ್ಮ ಆ್ಯಪ್ ಹಾಗೆ ಮಾಡದಿದ್ರೆ ಸಾಕು.

---

ಕಾಳಿ ದಂಡೆ, ಕಾರವಾರ · ಮಂಗಳವಾರ ಬೆಳಿಗ್ಗೆ 8:15

ಭಟ್ರೇ, ಈ ಎಳೆಯಲ್ಲಿ ಇದುವರೆಗೆ ಬಂದ ಅತ್ಯುತ್ತಮ ರಿವ್ಯೂ ಕಾಮೆಂಟ್ ನಿಮ್ಮದೇ. ತಮಾಷೆ ಅಲ್ಲ, ಯಾಕೆ ಅಂತ ಹೇಳ್ತೇನೆ.

ಶ್ರೀಪಾದ, ನಿಮ್ಮ ಕಾಮೆಂಟಿನ ಮೊದಲ ಸಾಲು ಒಂದು ತತ್ವ: ಗಡಿಯಾರವನ್ನು ಯಾವತ್ತೂ ನಂಬಬಾರದು. ತತ್ವದ ಜೊತೆ ವಾದ ಮಾಡಲಿಕ್ಕೆ ಆಗುವುದಿಲ್ಲ, ಒಪ್ಪಬೇಕು ಇಲ್ಲ ಸುಮ್ಮನಿರಬೇಕು. ಅದೂ ಅಲ್ಲದೆ ಆ ‘ಯಾವತ್ತೂ’ ಸುಳ್ಳು. ಕಸಾಂಡ್ರಾದಂಥ ದೊಡ್ಡ ಡೇಟಾಬೇಸೇ ಎರಡು ಬರಹ ಡಿಕ್ಕಿಯಾದರೆ ಸಮಯ ನೋಡಿ ಕೊನೆಯದನ್ನು ಇಟ್ಟುಕೊಳ್ಳುತ್ತದೆ. ಧೈರ್ಯ ಇರುವವಳಾಗಿದ್ದರೆ ಅವಳು ಅದನ್ನೇ ತಂದು ಮುಂದೆ ಇಡುತ್ತಿದ್ದಳು, ನೀವಿಬ್ಬರೂ ಕಸಾಂಡ್ರಾದ ಬಗ್ಗೆ ಜಗಳ ಆಡುತ್ತಾ ಅಡಿಕೆ ಚೀಲವನ್ನು ಮರೆಯುತ್ತಿದ್ದಿರಿ.

ತತ್ವದ ಬದಲು ಒಂದು ದಿನದ ಕಥೆ ಬರೆಯಿರಿ. ಚೀಲ 114. ಮೊದಲ ಫೋನಿನ ಗಡಿಯಾರ 7 ನಿಮಿಷ ಮುಂದಿದೆ. ಮನೆಯ ಮಕ್ಕಳು ಆಟದಲ್ಲಿ ಬೇಗ ‘ಲೈಫ್’ ಸಿಗಲಿ ಅಂತ ಸಮಯ ಮುಂದೆ ಮಾಡಿ ಹಾಗೇ ಬಿಡುವುದು ನಾನೇ ಕಂಡದ್ದು. 10:02ಕ್ಕೆ ಆ ಫೋನಿನಲ್ಲಿ 62.4 ಕಿಲೋ ಎಂದು ಹಾಕಿದರು, ದಾಖಲೆಯಲ್ಲಿ ಸಮಯ 10:09 ಎಂದಾಯಿತು. 10:05ಕ್ಕೆ ಮತ್ತೆ ತೂಗಿ, ಸರಿ ಸಮಯ ಇರುವ ಎರಡನೆಯ ಫೋನಿನಲ್ಲಿ 61.8 ಎಂದು ತಿದ್ದಿದರು. ಸಂಜೆ ಎರಡೂ ಸರ್ವರ್‌ಗೆ ಬಂದವು. 10:09 ದೊಡ್ಡದು, ಹಾಗಾಗಿ ತಪ್ಪಾದ 62.4 ಉಳಿಯಿತು. ಕ್ವಿಂಟಲ್‌ಗೆ 45,000 ಎಂದು ಹಿಡಿದರೆ 270 ರೂಪಾಯಿಯ ವ್ಯತ್ಯಾಸ. ಯಾರಿಗೂ ಎರರ್ ಕಾಣಲಿಲ್ಲ, ಲಾಗ್‌ನಲ್ಲಿ ಗುರುತಿಲ್ಲ.

ಇಷ್ಟು ಬರೆದರೆ ನೀವು ಅವಳ ಬುದ್ಧಿಯ ಬಗ್ಗೆ ಒಂದು ಶಬ್ದ ಹೇಳಿದಂತಾಗಲಿಲ್ಲ. ಅವಳಿಗೆ ಹಿಡಿದು ನೋಡಲು ಒಂದು ವಸ್ತು ಸಿಕ್ಕಿತು. ‘ಎರಡು ಫೋನ್ ಒಂದೇ ಚೀಲ ಮುಟ್ಟುವುದೇ ಇಲ್ಲ’ ಎಂದು ಅವಳು ಹೇಳಬಹುದು, ಅದು ನಿಜವೂ ಆಗಿರಬಹುದು. ತಪ್ಪು ಎಲ್ಲಿದೆ ಎಂದು ನಿಮ್ಮ ಕಥೆಯಲ್ಲೂ ಹುಡುಕಬಹುದು ನೋಡಿ. ಅದೇ ಬೇಕಾದದ್ದು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಸೂಕ್ಷ್ಮ. ನಮ್ಮ ಕ್ರಿಯಾಪದದ ಬಾಲದಲ್ಲೇ ಮನುಷ್ಯ ಕೂತಿರುತ್ತಾನೆ. ‘ತಪ್ಪು ಹೋಲಿಕೆ ಮಾಡಿದ್ದೀರಿ’ ಅಂದರೆ ‘ನೀವು’ ಎಂದು ಬರೆಯದಿದ್ದರೂ ಬೆರಳು ಅವರ ಕಡೆಗೇ. ‘ಈ ಹೋಲಿಕೆ ಹಳೆಯ ತೂಕವನ್ನು ಉಳಿಸುತ್ತದೆ’ ಎಂದರೆ ಬೆರಳು ಕೋಡಿನ ಮೇಲೆ. ಹಾಗಂತ ‘ನಾವು ಇಲ್ಲಿ ತಪ್ಪು ಮಾಡ್ತಿದ್ದೇವೆ’ ಎಂದು ಬರೆಯಬೇಡಿ. ಡಾಕ್ಟರು ‘ನಾವು ಈಗ ಮಾತ್ರೆ ತಗೊಳ್ಳೋಣ’ ಅನ್ನುವ ಹಾಗೆ ಕೇಳಿಸುತ್ತದೆ.

ಈಗ ಭಟ್ರ ವಿಷಯ. ಅವರು ಕೊಟ್ಟದ್ದು ಕಥೆ, ತತ್ವ ಅಲ್ಲ. ಅದರಲ್ಲಿ ಗಡಿಯಾರದ ದೋಷವೇ ಇರಬೇಕಾಗಿಲ್ಲ, ಗಮನಿಸಿದಿರಾ? ಎಲ್ಲ ಫೋನಿನ ಸಮಯ ಸೆಕೆಂಡಿಗೆ ಸೆಕೆಂಡು ಸರಿ ಇದ್ದರೂ ಅವರ ರಾಶಿ ಚಾಲಿ ಆಗುತ್ತದೆ. ಯಾಕೆಂದರೆ `row.update(incoming)` ತಿದ್ದಿದ ಜಾಗವನ್ನು ಮಾತ್ರವಲ್ಲ, ಇಡೀ ಸಾಲನ್ನು ತುಂಬುತ್ತದೆ. ತೂಕ ತಿದ್ದಿದವನ ಫೋನಿನಲ್ಲಿ ಇನ್ನೂ ಹಳೆಯ ದರ್ಜೆ ಇತ್ತು, ಅದೂ ಜೊತೆಗೆ ಹೋಯಿತು.

ಅಂದರೆ ಶ್ರೀಪಾದ, ನೀವು ಬೈದದ್ದು ಚಿಕ್ಕ ತೊಂದರೆಗೆ. ದೊಡ್ಡದು ನಿಮ್ಮ ಕಣ್ಣಿಗೂ ಬಿದ್ದಿರಲಿಲ್ಲ.

---

ಶ್ರೀಪಾದ, ಶಿರಸಿ · ಮಂಗಳವಾರ ಬೆಳಿಗ್ಗೆ 8:50

ಬಿದ್ದಿರಲಿಲ್ಲ. ಇದನ್ನು ಓದಿ ಚಹಾ ತಣ್ಣಗಾಯಿತು.

---

ಶರಾವತಿ ಸೇತುವೆ · ಮಂಗಳವಾರ ಬೆಳಿಗ್ಗೆ 9:30

ಎಂತ ಇಷ್ಟುದ್ದ? ಐದು ಜನ, ಒಂದೇ ಊರು. ಎದ್ದು ಹೋಗಿ ಅವಳ ಮೇಜಿನ ಹತ್ತಿರ ಕುರ್ಚಿ ಎಳೆದು ಮಾತಾಡಿ ಮಾರಾಯ್ರೆ. ಹತ್ತು ನಿಮಿಷದ ಕೆಲಸಕ್ಕೆ ಪ್ರಬಂಧ ಬರೀತಾ ಕೂತರೆ ಅಡಿಕೆ ಸೀಸನ್ನೇ ಮುಗಿದು ಹೋಗ್ತದೆ. ನನ್ನ ನಿಯಮ ಒಂದೇ: ಡಿಸೈನ್ ತಕರಾರು ಇದ್ದರೆ ಬಾಯಲ್ಲಿ, ಸ್ಪೆಲ್ಲಿಂಗ್ ತಕರಾರು ಇದ್ದರೆ ಬರಹದಲ್ಲಿ.

---

ಕಾಳಿ ದಂಡೆ, ಕಾರವಾರ · ಮಂಗಳವಾರ ಬೆಳಿಗ್ಗೆ 9:52

ಅರ್ಧ ಒಪ್ಪುತ್ತೇನೆ. ಕಾರಣ ಕೇಳುವುದು ಬಾಯಲ್ಲೇ ಒಳ್ಳೆಯದು, ಶ್ರೀಪಾದ ಇವತ್ತೇ ಕೇಳಲಿ. ಆದರೆ ಮಾತಾಡಿ ಮುಗಿಸಿಬಿಟ್ಟರೆ ಆರು ತಿಂಗಳ ನಂತರ ‘ಇಲ್ಲಿ ಹೀಗ್ಯಾಕೆ ಇದೆ’ ಎಂದು ಹೊಸಬರು ಬಂದಾಗ ಪಿಆರ್‌ನಲ್ಲಿ ಉಳಿದಿರುವುದು ‘ಇದು ನಡೆಯೋದಿಲ್ಲ’ ಒಂದೇ. ಸಾರ್ವಜನಿಕವಾಗಿ ತಳ್ಳಿಹಾಕಿದ್ದನ್ನು ಖಾಸಗಿಯಾಗಿ ಸರಿಮಾಡಿದರೆ ನೋಡಿದ ಉಳಿದ ಮೂವರಿಗೆ ಗೊತ್ತಾಗುವುದಾದರೂ ಹೇಗೆ?

---

ಶ್ರೀಪಾದ, ಶಿರಸಿ · ಮಂಗಳವಾರ ರಾತ್ರಿ 8:10

ಮಾತಾಡಿದೆ. ಮಧ್ಯಾಹ್ನ ಊಟದ ನಂತರ ಹೋಗಿ ‘ಮೊದಲು ನೀನು ಮಾಡಿದ್ದಕ್ಕೆ ಏನೋ ಕಾರಣ ಇತ್ತಲ್ಲ, ಅದೇನು ಹೇಳು’ ಅಂದೆ. ಮೊದಲು ‘ಏನೂ ಇಲ್ಲ ಅಣ್ಣ, ನೀವು ಹೇಳಿದ್ದೇ ಸರಿ’ ಅಂದಳು. ಸ್ವಲ್ಪ ಹೊತ್ತು ಕೂತ ಮೇಲೆ ಬಾಯಿ ಬಿಟ್ಟಳು.

ಅವಳು ಕಳೆದ ತಿಂಗಳು ಒಂದು ಕೇಂದ್ರದಲ್ಲಿ ಎರಡು ದಿನ ಕೂತು ನೋಡಿದ್ದಳಂತೆ. ನಾನು ಹೇಳಿದ ವಿಧಾನದಲ್ಲಿ ಸರ್ವರ್ ಹೀಗೆ ಕೇಳುತ್ತದೆ:

```sql
UPDATE tuka SET kg = 61.8, version = 8
WHERE id = 114 AND version = 7;
```

ಅಷ್ಟರಲ್ಲಿ ಬೇರೆ ಫೋನ್ ವರ್ಷನ್ 8 ಮಾಡಿದ್ದರೆ ಒಂದು ಸಾಲೂ ಬದಲಾಗುವುದಿಲ್ಲ, ಫೋನಿಗೆ ‘ಡಿಕ್ಕಿಯಾಗಿದೆ, ಯಾವುದು ಸರಿ?’ ಎಂದು ಪೆಟ್ಟಿಗೆ ಬರುತ್ತದೆ. ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೆ ಸರಿ. ಇಲ್ಲಿ ಆ ಪೆಟ್ಟಿಗೆ ಬರುವುದು ರಾತ್ರಿ ಎಂಟಕ್ಕೆ, ಸಿಗ್ನಲ್ ಸಿಕ್ಕಾಗ. ಚೀಲ ಆಗಲೇ ಲಾರಿ ಹತ್ತಿದೆ, ಬೆಳೆಗಾರರು ಚೀಟಿ ಹಿಡಿದು ಮನೆಗೆ ಹೋಗಿದ್ದಾರೆ, ತೂಗಿದ ಹುಡುಗ ಬಸ್ಸಿನಲ್ಲಿದ್ದಾನೆ. ಅವನು ಏನು ಬಂದರೂ `OK` ಒತ್ತುತ್ತಾನೆ, ಅವಳು ಕಣ್ಣಾರೆ ಕಂಡದ್ದು. ಆದ್ದರಿಂದ ಯಾರನ್ನೂ ಕೇಳದೆ ತಾನಾಗಿ ಮುಗಿಯುವ ವಿಧಾನ ಆರಿಸಿದ್ದಳು.

ನನ್ನ ಕಾಮೆಂಟ್ ನೋಡಿ ಇದನ್ನೆಲ್ಲ ಬರೆಯಲು ಶುರು ಮಾಡಿ ಅಳಿಸಿದಳಂತೆ. ‘ಯೋಚಿಸಿದಂತಿಲ್ಲ ಅಂತ ಬರೆದಿದ್ರಿ, ಹಾಗಾಗಿ ನಾನೇ ಎಲ್ಲೋ ತಪ್ಪಿರಬೇಕು ಅಂದ್ಕೊಂಡೆ.’

ಅಂದರೆ ನನ್ನ ಮಾತು ಕೇಳಿ ಬಂದ ಕೋಡ್ ಈಗ ಮರ್ಜ್ ಮಾಡಿದ್ದರೆ ಕೇಂದ್ರದಲ್ಲಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ. ಗಜು ಹೆದರಿದ್ದು ಸುಳ್ಳಲ್ಲ.

ಹೊಸ ಕಾಮೆಂಟ್ ಬರೆದಿದ್ದೇನೆ, ಹಾಕುವ ಮೊದಲು ನೋಡಿ:

> ಒಳ್ಳೆಯ ಪ್ರಯತ್ನ! ಒಂದು ಚಿಕ್ಕ ಅನುಮಾನ ಅಷ್ಟೇ. ಸಾಧ್ಯವಾದರೆ, ಸಮಯ ಇದ್ದರೆ, ಎರಡು ಫೋನಿನಿಂದ ತಿದ್ದಿದಾಗ ಏನಾಗಬಹುದು ಎಂದು ಒಮ್ಮೆ ನೋಡಬಹುದೇನೋ. ನನಗೆ ತಪ್ಪು ತಿಳಿದಿರಲೂಬಹುದು.

---

ದೇವಿಮನೆ ಘಟ್ಟ · ಮಂಗಳವಾರ ರಾತ್ರಿ 8:25

ಇದು ಸೂಪರ್. ಹೀಗೇ ಹಾಕಿ.

---

ಗಜು, ಗೋಕರ್ಣ · ಮಂಗಳವಾರ ರಾತ್ರಿ 8:40

ಅಣ್ಣ, ಇದು ಬಂದರೆ ನಾನು ರಾತ್ರಿಯಿಡೀ ನಿದ್ದೆ ಮಾಡೋದಿಲ್ಲ. ‘ಚಿಕ್ಕ ಅನುಮಾನ’ ಅಂತೀರಿ, ಆದ್ರೆ ಹಿಂದಿನ ಸಲ `Request changes` ಒತ್ತಿದ್ದು ನೀವೇ. ಈಗ ಬದಲಾಯಿಸಬೇಕೋ ಬೇಡ್ವೋ? ಸಮಯ ಇದ್ದರೆ ಅಂದ್ರೆ ಯಾವಾಗ? ಮುಖ ನೋಡಿದ್ರೆ ಗೊತ್ತಾಗ್ತಿತ್ತು, ಬರಹದಲ್ಲಿ ಮುಖ ಇಲ್ಲ.

ನಮ್ಮ ತಂಡದಲ್ಲಿ ಶಿರಸಿ ಕಡೆಯ ಸೀನಿಯರ್ ಒಬ್ಬರು ಯಾವ ಪಿಆರ್‌ಗೂ ‘ಅಡ್ಡಿಲ್ಲೆ’ ಅಂತ ಬರೆದು ಒಪ್ಪಿಗೆ ಕೊಡ್ತಿದ್ರು. ಮೈಸೂರಿನ ಹುಡುಗನೊಬ್ಬ ಅದನ್ನ ‘ಪರವಾಗಿಲ್ಲ, ಹೇಗೋ ನಡೆಯುತ್ತೆ’ ಅಂತ ತಿಳಿದು ಮೂರು ತಿಂಗಳು ಕೊರಗಿದ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯೇ ಇಲ್ಲ ಅಂತ ಆಮೇಲೆ ಗೊತ್ತಾಯ್ತು.

---

ಕಾಳಿ ದಂಡೆ, ಕಾರವಾರ · ಮಂಗಳವಾರ ರಾತ್ರಿ 9:05

ಮೊದಲ ಕಾಮೆಂಟ್ ಬಾಗಿಲು ಹಾಕಿತ್ತು. ಇದು ಬಾಗಿಲು ಎಲ್ಲಿದೆ ಅಂತಲೇ ಹೇಳುವುದಿಲ್ಲ. ‘ಒಳ್ಳೆಯ ಪ್ರಯತ್ನ’ ಅಂತೂ ತೆಗೆದುಬಿಡಿ, ಓಟದಲ್ಲಿ ಕೊನೆಗೆ ಬಂದ ಮಗುವಿಗೆ ಹೇಳುವ ಮಾತು ಅದು. ಹೊಗಳುವುದಾದರೆ ಕಂಡದ್ದನ್ನು ಹೇಳಿ: ಅವಳು ಎರಡು ದಿನ ಕೇಂದ್ರದಲ್ಲಿ ಕೂತಿದ್ದಳು, ನೀವು ಕೂತಿರಲಿಲ್ಲ.

ನನ್ನ ಅನುಭವದಲ್ಲಿ ಡಿಸೈನ್ ಪ್ರಶ್ನಿಸುವಾಗ ಓದುವವರನ್ನು ಕಾಡುವುದು ಮುಖ್ಯವಾಗಿ ಒಂದೇ ವಿಷಯ: ಇದರಲ್ಲಿ ಯಾವುದು ಕಡ್ಡಾಯ, ಯಾವುದು ನಿಮ್ಮ ಇಷ್ಟ? ಅದನ್ನು ಬೇರೆ ಮಾಡಿ ಬರೆಯಿರಿ. ಇಲ್ಲಿ ಕಡ್ಡಾಯವಾಗಿರುವುದು ಫಲಿತಾಂಶ, ‘ಯಾರ ತಿದ್ದುಪಡಿಯೂ ಸದ್ದಿಲ್ಲದೆ ಅಳಿಯಬಾರದು’ ಅನ್ನುವುದು. ಅದನ್ನು ಸಕ್ಕರೆ ಹಾಕದೆ ನೇರ ಹೇಳಿ, ಯಾರಿಗೂ ನೋವಾಗುವುದಿಲ್ಲ. ವರ್ಷನ್ ನಂಬರ್ ಎನ್ನುವುದು ಒಂದು ದಾರಿ. ಮೊದಲ ಸಲ ನೀವು ದಾರಿಯನ್ನೇ ಕಡ್ಡಾಯ ಮಾಡಿದಿರಿ, ಫಲಿತಾಂಶವನ್ನು ಹೇಳಲೇ ಇಲ್ಲ. ಹಾಗಾಗಿ ಅವಳು ದಾರಿ ಬದಲಿಸಿದಳು.

ಮತ್ತೆ, ನಿಮಗೆ ನಿಜವಾಗಿ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಿ. ದೇವಿಮನೆಯವರು ಹೇಳಿದ ಪ್ರಶ್ನಾರ್ಥಕ ಚಿಹ್ನೆ ಕೆಲಸ ಮಾಡುವುದು ಅಲ್ಲಿ ಮಾತ್ರ. ಅವಳ ಉತ್ತರದ ಮೇಲೆ ನಿಮ್ಮ ಅಭಿಪ್ರಾಯ ಬದಲಾಗುವಂತಿರಬೇಕು. ಹಾಗಿಲ್ಲದಿದ್ದರೆ ಅದನ್ನು ಹೇಳಿಕೆಯಾಗಿಯೇ ಬರೆಯುವುದು ಪ್ರಾಮಾಣಿಕ.

---

ಶರಾವತಿ ಸೇತುವೆ · ಮಂಗಳವಾರ ರಾತ್ರಿ 9:20

ಕಡ್ಡಾಯ ಅಂತ ಬರೆದ ಮೇಲೆ ಸಣ್ಣವಳು ಎದುರು ಮಾತಾಡ್ತಾಳಾ? ಸೀನಿಯರ್ ಎಷ್ಟೇ ನಯವಾಗಿ ಬರೆದರೂ ಅದು ಆಜ್ಞೆಯೇ. ಸಂಬಳದ ಪತ್ರಕ್ಕೆ ಸಹಿ ಹಾಕುವವರು ‘ನಿನ್ನ ಅಭಿಪ್ರಾಯ ಏನು’ ಅಂದರೆ ಯಾರೂ ಅಭಿಪ್ರಾಯ ಹೇಳೋದಿಲ್ಲ.

---

ಕಾಳಿ ದಂಡೆ, ಕಾರವಾರ · ಮಂಗಳವಾರ ರಾತ್ರಿ 9:34

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ವಾಕ್ಯ ತಿದ್ದಿದರೆ ಮೇಲು-ಕೆಳಗು ಹೋಗುವುದಿಲ್ಲ. ಒಂದು ಮಾತ್ರ ಕೆಲಸ ಮಾಡಿದ್ದು ನೋಡಿದ್ದೇನೆ: ಸೀನಿಯರ್ ತನ್ನದೇ ಸಲಹೆಯ ದೋಷವನ್ನು ತಾನೇ ಕಾಮೆಂಟಿನಲ್ಲಿ ಬರೆಯುವುದು. ಶ್ರೀಪಾದ ಈಗ ಅದನ್ನು ಸುಳ್ಳು ಹೇಳದೆ ಮಾಡಬಹುದು.

---

ಶ್ರೀಪಾದ, ಶಿರಸಿ · ಬುಧವಾರ ಬೆಳಿಗ್ಗೆ 7:30

ಇವತ್ತು ಪಿಆರ್‌ನಲ್ಲಿ ಹಾಕಿದ್ದು ಇದು. ಒಂದು ಸಾಲಿಗೆ ಅಂಟಿಸದೆ ಇಡೀ ಪಿಆರ್‌ಗೆ ಹಾಕಿದೆ, `Comment` ಮಾತ್ರ ಒತ್ತಿದೆ. 11 ಚಿಕ್ಕ ಕಾಮೆಂಟುಗಳನ್ನು ಸದ್ಯಕ್ಕೆ ಅಡಗಿಸಿದೆ.

> ಮೊದಲ ಸಲ ಕಾರಣ ಕೇಳದೆ ವರ್ಷನ್ ನಂಬರ್ ಹಾಕಲು ಹೇಳಿದ್ದೆ. ನಿನ್ನೆ ನೀನು ಹೇಳಿದ ಮೇಲೆ ಅದರ ತೊಡಕು ತಿಳಿಯಿತು: ಪೆಟ್ಟಿಗೆ ಬರುವ ಹೊತ್ತಿಗೆ ಉತ್ತರ ಗೊತ್ತಿರುವವರು ಕೇಂದ್ರದಲ್ಲಿ ಇರುವುದಿಲ್ಲ. ಆ ಸಲಹೆಯನ್ನು ಹಿಂದೆ ತೆಗೆದುಕೊಳ್ಳುತ್ತೇನೆ.
>
> ಹಾಗಂತ ಹಳೆಯ ಕೋಡಿಗೂ ಹೀಗೇ ಮರಳುವುದು ಬೇಡ ಅನಿಸುತ್ತದೆ, ಎರಡು ಕಾರಣಕ್ಕೆ. ದರ್ಜೆ ನೋಡುವವರು ಚೀಲ 114ನ್ನು ಚಾಲಿಯಿಂದ ರಾಶಿ ಮಾಡುತ್ತಾರೆ. ಆಮೇಲೆ ತೂಗುವವರು ತಮ್ಮ ಫೋನಿನಲ್ಲಿ ತೂಕ ಮಾತ್ರ ತಿದ್ದುತ್ತಾರೆ, ಅಲ್ಲಿ ದರ್ಜೆ ಇನ್ನೂ ಚಾಲಿ. ಇಡೀ ಸಾಲು ತುಂಬುವುದರಿಂದ ಸರ್ವರ್‌ನಲ್ಲಿ ಮತ್ತೆ ಚಾಲಿ ಆಗುತ್ತದೆ. ಎರಡನೆಯದು, ಒಂದು ಫೋನಿನ ಗಡಿಯಾರ 7 ನಿಮಿಷ ಮುಂದಿದ್ದರೆ 10:02ರ ತಪ್ಪು ತೂಕ 10:05ರ ಸರಿ ತೂಕವನ್ನು ಸೋಲಿಸುತ್ತದೆ. ಎರಡರಲ್ಲೂ ಯಾರಿಗೂ ಸುಳಿವು ಸಿಗುವುದಿಲ್ಲ.
>
> ಮರ್ಜ್‌ಗೆ ಮೊದಲು ಬೇಕೇ ಬೇಕಾದ್ದು: ಯಾರ ತಿದ್ದುಪಡಿಯೂ ಸದ್ದಿಲ್ಲದೆ ಅಳಿಯಬಾರದು. ಹೇಗೆ ಎನ್ನುವುದು ನಿನಗೆ ಬಿಟ್ಟದ್ದು, ಕೇಂದ್ರ ನೋಡಿದವಳು ನೀನು.
>
> ನನಗೆ ಗೊತ್ತಿಲ್ಲದ್ದು: ಒಂದೇ ಚೀಲದ ತೂಕವನ್ನೇ ಎರಡು ಫೋನ್ ತಿದ್ದುವುದು ದಿನಕ್ಕೆ ಎಷ್ಟು ಸಲ? ಬೆರಳೆಣಿಕೆಯಷ್ಟಾದರೆ ಎರಡನ್ನೂ ಇಟ್ಟುಕೊಂಡು ಮರುದಿನ ಗುಮಾಸ್ತರಿಗೆ ತೋರಿಸಬಹುದು. ತುಂಬ ಇದ್ದರೆ ಆ ದಾರಿ ಆಗುವುದಿಲ್ಲ.

---

ಗಜು, ಗೋಕರ್ಣ · ಬುಧವಾರ ಬೆಳಿಗ್ಗೆ 8:02

ಇದಕ್ಕಾದರೆ ನಾನು ಉತ್ತರ ಬರೀತಿದ್ದೆ. ‘ನೀನು’ ಅಂತಲೂ ಬಂತು.

---

ದೇವಿಮನೆ ಘಟ್ಟ · ಬುಧವಾರ ಬೆಳಿಗ್ಗೆ 8:30

ಉದ್ದ ಆಯ್ತು ಅಂತ ನನ್ನ ಅಭಿಪ್ರಾಯ. ಪ್ರತಿ ಪಿಆರ್‌ಗೂ ಹೀಗೆ ಬರೆದರೆ ಕೆಲಸ ಯಾವಾಗ? ಪ್ರಶ್ನೆ ಮಾಡೋದು ಸಾಕು ಅಂತ ಈಗಲೂ ಹೇಳ್ತೇನೆ. ಆದ್ರೆ ಆ ಕೊನೆಯ ಪ್ರಶ್ನೆ ಚೆನ್ನಾಗಿದೆ, ಒಪ್ಪಬೇಕು.

---

ಕಾಳಿ ದಂಡೆ, ಕಾರವಾರ · ಬುಧವಾರ ಬೆಳಿಗ್ಗೆ 8:41

ಪ್ರತಿ ಪಿಆರ್‌ಗೂ ಬೇಡ. ವರ್ಷಕ್ಕೆ ನಾಲ್ಕೈದು ಸಲ ಬರುವ ಸಂದರ್ಭ ಇದು. ಅದೂ ಕೋಡ್ ಬರೆಯುವ ಮೊದಲೇ ಅರ್ಧ ಪುಟದ ಟಿಪ್ಪಣಿ ಹಂಚಿಕೊಂಡಿದ್ದರೆ ಬರುತ್ತಲೇ ಇರಲಿಲ್ಲ. ಎರಡು ವಾರ ಕಷ್ಟಪಟ್ಟು ಬರೆದ ಮೇಲೆ ಬುನಾದಿ ಸರಿ ಇಲ್ಲ ಎಂದರೆ ಎಂಥ ಸಿಹಿ ಮಾತೂ ಕಹಿಯೇ.

---

ಶ್ರೀಪಾದ, ಶಿರಸಿ · ಶುಕ್ರವಾರ ರಾತ್ರಿ 9:15

ಉತ್ತರ ಬಂತು, ಈ ಸಲ ಹದಿನೈದು ಸಾಲು. ಸಾರಾಂಶ ಹೇಳುತ್ತೇನೆ.

ಎಣಿಸಿದ್ದಾಳೆ. ಆ ಕೇಂದ್ರದಲ್ಲಿ ಎರಡು ದಿನದಲ್ಲಿ ಒಂದೇ ಚೀಲವನ್ನು ಎರಡು ಫೋನ್ ತಿದ್ದಿದ್ದು 9 ಸಲ. ಅದರಲ್ಲಿ 7 ಸಲ ಒಬ್ಬರು ತೂಕ, ಇನ್ನೊಬ್ಬರು ದರ್ಜೆ, ಅಂದರೆ ಭಟ್ರ ಕಥೆಯೇ. ತೂಕಕ್ಕೆ ತೂಕವೇ ಡಿಕ್ಕಿಯಾದದ್ದು 2 ಸಲ ಮಾತ್ರ. ಹಾಗಾಗಿ ತೂಕ, ದರ್ಜೆ ಎರಡನ್ನೂ ಬೇರೆ ಬೇರೆ ತಿದ್ದುಪಡಿಯಾಗಿ ಕಳಿಸುತ್ತಾಳೆ. ತೂಕ ಡಿಕ್ಕಿಯಾದರೆ ಎರಡನ್ನೂ ಉಳಿಸಿ ಬೆಳಿಗ್ಗೆ ಗುಮಾಸ್ತರ ಪಟ್ಟಿಗೆ ಹಾಕುತ್ತಾಳೆ.

ನನ್ನ 7 ನಿಮಿಷದ ಕಥೆಯಲ್ಲಿ ತೂತು ಹುಡುಕಿದ್ದಾಳೆ. ಸಿಂಕ್ ಮಾಡುವಾಗ ಫೋನ್ ತನ್ನ ಈಗಿನ ಸಮಯವನ್ನೂ ಕಳಿಸಲಿ, ಸರ್ವರ್ ಅದರಿಂದ ತನ್ನ ಸಮಯವನ್ನು ಕಳೆದರೆ ಫೋನ್ ಎಷ್ಟು ಮುಂದಿದೆ ಎಂದು ತಿಳಿಯುತ್ತದೆ, ಎಲ್ಲ ದಾಖಲೆಗಳಿಂದ ಅಷ್ಟನ್ನು ತೆಗೆದರೆ ಆಯಿತು ಅಂತ. ‘ಹಾಗಾದ್ರೆ ಗಡಿಯಾರವನ್ನು ನಂಬಬೇಕಾಗಿಲ್ಲ, ಅಳೆದರೆ ಸಾಕು’ ಎಂದು ಬರೆದಿದ್ದಾಳೆ. ನನಗೆ ಹೊಳೆದಿರಲಿಲ್ಲ.

---

ಕಾಳಿ ದಂಡೆ, ಕಾರವಾರ · ಶುಕ್ರವಾರ ರಾತ್ರಿ 9:40

ಚೆನ್ನಾಗಿದೆ. ಬೆಳಿಗ್ಗೆ ತೂಗಿದ ಮೇಲೆ ಸಂಜೆ ಸಿಂಕ್‌ಗೆ ಮೊದಲು ಯಾರಾದರೂ ಸಮಯ ಬದಲಿಸಿದರೆ ಮಾತ್ರ ಲೆಕ್ಕ ತಪ್ಪುತ್ತದೆ. ಆಂಡ್ರಾಯ್ಡ್‌ನಲ್ಲಿ `SystemClock.elapsedRealtime()` ಫೋನ್ ಆನ್ ಆದಾಗಿನಿಂದ ಎಣಿಸುತ್ತದೆ, ಸಮಯ ಬದಲಿಸಿದರೂ ಅಲುಗುವುದಿಲ್ಲ. ಆದರೆ ಮಧ್ಯೆ ಫೋನ್ ಆಫ್ ಮಾಡಿ ಆನ್ ಮಾಡಿದರೆ ಅದು ಮತ್ತೆ ಸೊನ್ನೆಯಿಂದ. ಇದನ್ನು ಅವಳಿಗೆ ತಿಳಿಸಿ, ಕಡ್ಡಾಯ ಅಲ್ಲ ಎಂದು ಸ್ಪಷ್ಟವಾಗಿ ಬರೆದು.

---

ಶ್ರೀಪಾದ, ಶಿರಸಿ · ಶುಕ್ರವಾರ ರಾತ್ರಿ 9:52

ಮಧ್ಯಾಹ್ನ ಚಾರ್ಜ್ ಮುಗಿದು ಆಫ್ ಆಗುವುದು ಆ ಕೇಂದ್ರಗಳಲ್ಲಿ ದಿನಾ ಇದ್ದದ್ದೇ. ಅಲ್ಲಿಗೆ ನಮ್ಮಿಬ್ಬರ ಚರ್ಚೆ ನಿಂತಿದೆ, ತೀರ್ಮಾನ ಆಗಿಲ್ಲ.

---

ಬೆಟ್ಟದ ಭಟ್ರು · ಶನಿವಾರ ಬೆಳಿಗ್ಗೆ 6:05

ಹಾಗಾದ್ರೆ ನನ್ನ ರಾಶಿ ರಾಶಿಯಾಗೇ ಇರ್ತದೆ ಅಂತ ಆಯ್ತಲ್ಲ?

---

ಶ್ರೀಪಾದ, ಶಿರಸಿ · ಶನಿವಾರ ಬೆಳಿಗ್ಗೆ 10:20

ಇರ್ತದೆ ಭಟ್ರೇ. ಪಿಆರ್‌ನ ಟೆಸ್ಟಿನಲ್ಲಿ ನಿಮ್ಮ ಚೀಲದ ಕಥೆಯನ್ನೇ ಹಾಕಿದ್ದಾಳೆ.

ಅಡಗಿಸಿಟ್ಟಿದ್ದ 11 ಚಿಕ್ಕ ಕಾಮೆಂಟ್ ತೆಗೆದು ನೋಡಿದೆ. 8 ಕಾಮೆಂಟ್ ಇದ್ದ ಫೈಲೇ ಈಗ ಇಲ್ಲ. ಉಳಿದ ಮೂರಕ್ಕೆ `Nit:` ಹಾಕಿ ಇವತ್ತು ಕಳಿಸಿದೆ. ಎರಡನ್ನು ತಿದ್ದಿದಳು, ಮೂರನೆಯದಕ್ಕೆ ‘ಬೇಡ ಅಣ್ಣ, ಈಗಿರುವ ಹೆಸರೇ ಕೇಂದ್ರದವರು ಕರೆಯೋದು’ ಎಂದು ಬರೆದು ಹಾಗೇ ಬಿಟ್ಟಿದ್ದಾಳೆ.